ಇಂಧನಕ್ಕಿಂತ ಮೊದಲು ಗಾಳಿ

“ಲಿವರ್ ತಳ್ಳಿದ್ರೆ ಎಣ್ಣೆ ಹೋಗ್ಬೇಕು, ಅಷ್ಟೇ ಅಲ್ವಾ ತಮ್ಮಾ? ವಿಮಾನದ ಇಂಜಿನ್‌ಗೆ ಮಧ್ಯೆ ಕಂಪ್ಯೂಟರ್ ಯಾಕೆ?”

ಕಾರವಾರಕ್ಕೆ ರಜೆಗೆ ಬಂದಾಗಲೆಲ್ಲ ಬೈತಖೋಲ್ ಬಂದರಿನಲ್ಲಿ ಯಾರಾದರೂ ಹೀಗೆ ಕೇಳುತ್ತಾರೆ. ನಾನು ಅವರ ಬೋಟನ್ನೇ ತೋರಿಸುತ್ತೇನೆ. ಇಂಜಿನ್ ಇನ್ನೂ ವೇಗ ಹಿಡಿದಿಲ್ಲ, ಒಮ್ಮೆಲೇ ಪೂರ್ತಿ ಎಳೆದರೆ ಕರಿ ಹೊಗೆ ಬರುತ್ತದೆ. ಡೀಸೆಲ್ ಜಾಸ್ತಿ ಆಯಿತು, ಗಾಳಿ ಸಾಲಲಿಲ್ಲ. ಬೋಟು ಇದನ್ನು ತಡೆದುಕೊಳ್ಳುತ್ತದೆ. ಜೆಟ್ ಇಂಜಿನ್‌ನಲ್ಲಿ ಇದೇ ತಪ್ಪಾದರೆ ಟರ್ಬೈನ್ ಬ್ಲೇಡುಗಳು ಸುಟ್ಟುಹೋಗಬಹುದು.

ಏರ್‌ಬಸ್ ಎ320 ವಿಮಾನದ ಸಿಎಫ್‌ಎಂ56 ಇಂಜಿನ್ ಸ್ಟಾರ್ಟ್ ಮಾಡುವುದನ್ನೇ ನೋಡಿ. ಪೈಲಟ್ ಮಾಸ್ಟರ್ ಸ್ವಿಚ್ ಹಾಕುತ್ತಾರೆ. ಆಮೇಲಿನ ಕೆಲಸ ಫೇಡೆಕ್‌ನದು, ಅಂದರೆ ಇಂಜಿನ್ನಿನ ಸ್ವಂತ ಕಂಪ್ಯೂಟರಿನದು. ಅದು ಸ್ಟಾರ್ಟರ್‌ಗೆ ಒತ್ತಡದ ಗಾಳಿ ಬಿಡುತ್ತದೆ. ಒಳಗಿನ ಶಾಫ್ಟ್ ತಿರುಗತೊಡಗುತ್ತದೆ. ಅದರ ಪೂರ್ಣ ವೇಗದ 16% ಮುಟ್ಟಿದಾಗ ಕಿಡಿ, 22% ಮುಟ್ಟಿದಾಗ ಇಂಧನ. ಕಿಡಿ ಮೊದಲೇ ಸಿದ್ಧವಿದ್ದರೂ ಇಂಧನ ಕಾಯಬೇಕು. ಅಷ್ಟರಲ್ಲಿ ಒಳಗೆ ಸಾಕಷ್ಟು ಗಾಳಿ ಹರಿಯುತ್ತಿರಬೇಕು. 50% ದಾಟಿದ ಮೇಲೆ ಸ್ಟಾರ್ಟರ್ ಬಿಟ್ಟುಕೊಳ್ಳುತ್ತದೆ, ಇಂಜಿನ್ ತನ್ನ ಬಲದಲ್ಲೇ ಐಡಲ್ ವೇಗಕ್ಕೆ ಏರುತ್ತದೆ.

ಒಂದು ಸಂಜೆ ನಾನು ಕಾಕ್‌ಪಿಟ್‌ನಲ್ಲಿ ಕೂತಿದ್ದಾಗ ಸ್ಟಾರ್ಟರ್‌ಗೆ ಬರುವ ಗಾಳಿಯ ಒತ್ತಡ ಕಡಿಮೆ ಇತ್ತು. ಇಂಧನ ಹೊತ್ತಿಕೊಂಡಿತು. ಆದರೆ ವೇಗ ಮೂವತ್ತರ ಆಸುಪಾಸಿನಲ್ಲೇ ತೆವಳುತ್ತಿತ್ತು, ನಿಷ್ಕಾಸ ಅನಿಲದ ಬಿಸಿ ಮಾತ್ರ ಏರುತ್ತಲೇ ಹೋಯಿತು. ಸ್ಟಾರ್ಟ್ ಆಗುವಾಗ ಅದರ ಮಿತಿ 725 ಡಿಗ್ರಿ ಸೆಲ್ಸಿಯಸ್. ವೇಗದ ಅಂಕಿ ನಿಂತು ಬಿಸಿಯ ಮುಳ್ಳು ಓಡಿದರೆ ಅದೇ ಹಾಟ್ ಸ್ಟಾರ್ಟ್‌ನ ಗುರುತು. ನನ್ನ ಕೈ ಸ್ವಿಚ್ ಹತ್ತಿರ ಹೋಗುವ ಮೊದಲೇ ಫೇಡೆಕ್ ಇಂಧನ ನಿಲ್ಲಿಸಿತ್ತು. ಶಾಫ್ಟನ್ನು ತಿರುಗಿಸುತ್ತಲೇ ಇದ್ದು ಬಿಸಿ ಗಾಳಿಯನ್ನು ಹೊರಗೆ ತಳ್ಳಿತು. ಆಮೇಲೆ ಸ್ವಲ್ಪ ಕಡಿಮೆ ಇಂಧನ ಕೊಟ್ಟು ಮತ್ತೆ ಪ್ರಯತ್ನಿಸಿತು. ಈ ಸಲ ವೇಗ, ಬಿಸಿ ಎರಡೂ ಒಟ್ಟಿಗೆ ಏರಿದವು.

ಹಾರುವಾಗಲೂ ಇದೇ ಲೆಕ್ಕ. ಪೈಲಟ್ ಲಿವರ್ ತಳ್ಳಿದರೆ ಅದು ಇಷ್ಟು ಬಲ ಬೇಕು ಅನ್ನುವ ಕೋರಿಕೆ ಅಷ್ಟೇ. ಫೇಡೆಕ್ ಕಂಪ್ರೆಸರಿನ ಒತ್ತಡ, ವೇಗ, ಗಾಳಿಯ ಉಷ್ಣತೆ ನೋಡಿ ಇಂಧನದ ವಾಲ್ವನ್ನು ಸರಿಸುತ್ತದೆ. ಗಾಳಿಗಿಂತ ಇಂಧನ ಮುಂದೆ ಓಡಿದರೆ ಕಂಪ್ರೆಸರ್ ಒಳಗೆ ಹರಿವು ಕಡಿದು ಢಬ್ ಎಂದು ಹಿಂದಕ್ಕೆ ಹೊಡೆಯುತ್ತದೆ. ಅದಕ್ಕೇ ಲಿವರ್ ಒಮ್ಮೆಲೇ ತಳ್ಳಿದರೂ ಬಲ ಕೆಲವು ಸೆಕೆಂಡು ತಗೊಂಡು ಬರುತ್ತದೆ. ಶಾಫ್ಟುಗಳ ವೇಗ ಮಿತಿ ಮೀರದಂತೆಯೂ ಅದೇ ಕಾಯುತ್ತದೆ.

“ಕಂಪ್ಯೂಟರ್ ಕೆಟ್ಟರೆ?” ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಒಳಗೆ ಎರಡು ಚಾನೆಲ್ ಇವೆ, ಒಂದು ಕೆಟ್ಟರೆ ಇನ್ನೊಂದು ವಹಿಸಿಕೊಳ್ಳುತ್ತದೆ. ಇಂಜಿನ್ ತಿರುಗುತ್ತಿದ್ದರೆ ಅದರದ್ದೇ ಪುಟ್ಟ ಜನರೇಟರ್ ವಿದ್ಯುತ್ ಕೊಡುತ್ತದೆ. ಕೇಬಲ್ ಎಳೆದು ನಡೆಸುವ ಬದಲಿ ದಾರಿ ಮಾತ್ರ ಇಲ್ಲ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನಿಸುತ್ತದೆ. ನೆಲದ ಮೇಲೆ ಬಿಸಿ ಏರಿದರೆ ತಾನೇ ಇಂಧನ ನಿಲ್ಲಿಸುವ ಫೇಡೆಕ್, ಆಕಾಶದಲ್ಲಿ ಆರಿಹೋದ ಇಂಜಿನ್ ಮತ್ತೆ ಹೊತ್ತಿಸುವಾಗ ಹಾಗೆ ಮಾಡುವುದಿಲ್ಲ. ಅಲ್ಲಿ ಬ್ಲೇಡ್ ಸುಟ್ಟರೂ ಬಲ ಬೇಕಾಗಬಹುದು. ನಿಲ್ಲಿಸಬೇಕೋ ಬೇಡವೋ ಎಂದು ಪೈಲಟ್ ನಿರ್ಧರಿಸುತ್ತಾರೆ, ಮಾಸ್ಟರ್ ಸ್ವಿಚ್ ಅವರ ಕೈಯಲ್ಲೇ ಇರುತ್ತದೆ.