ಆದಾಯದ ಕಾಲಮ್ಮಿನಲ್ಲಿ ಖಾಲಿ ಜಾಗ

11 ಮಾರ್ಚ್ 2025, ಮಂಗಳವಾರ

ಇವತ್ತಿಡೀ ಒಂದೇ ಕಾಲಮ್ ನೋಡುತ್ತಾ ಕೂತಿದ್ದೆ. ಸರ್ವೆಯಲ್ಲಿ ಉತ್ತರ ಕೊಟ್ಟ 1000 ಜನರಲ್ಲಿ 200 ಮಂದಿ ತಿಂಗಳ ಆದಾಯ ಬರೆದಿಲ್ಲ. ಸರಾಸರಿ ತುಂಬೋದಾ, ಮೀಡಿಯನ್ ತುಂಬೋದಾ ಅಂತ ಜೊತೆಯವರು ಕೇಳಿದರು.

ಆದಾಯಕ್ಕೆ ಮೀಡಿಯನ್ನೇ ವಾಸಿ ಅನ್ನುವುದು ರೂಢಿ. ಐದು ಜನರ ಆದಾಯ ಸಾವಿರದ ಲೆಕ್ಕದಲ್ಲಿ 10, 12, 15, 18, 95 ಅಂದುಕೊಳ್ಳಿ. ಸರಾಸರಿ 30, ಆದರೆ 30ರ ಹತ್ತಿರ ಯಾರೂ ಇಲ್ಲ. ಸಾಲಿನ ನಡುವೆ ಬರುವ ಮೀಡಿಯನ್ 15, ಅದು ನಂಬುವ ಹಾಗಿದೆ. ಆದರೂ 200 ಜನಕ್ಕೆ ಒಂದೇ ಸಂಖ್ಯೆ ಕೊಟ್ಟ ಹಾಗಾಯಿತು, ಅಲ್ವಾ? ನನಗೆ ಕಾಡುವುದು ಅದೇ.

ಐದರಲ್ಲಿ ಒಂದು ಪಾಲಿಗೆ ಸರಾಸರಿ ತುಂಬಿದರೆ ಆದಾಯಗಳ ಹರಡುವಿಕೆ ಅಳೆಯುವ ವೇರಿಯನ್ಸ್ ಸುಮಾರು 80%ಕ್ಕೆ ಇಳಿಯುತ್ತದೆ. ವಯಸ್ಸಿನ ಜೊತೆ ಆದಾಯಕ್ಕಿರುವ ನಂಟು, ಅಂದರೆ ಕೋರಿಲೇಶನ್, 0.50 ಇದ್ದದ್ದು 0.45ರ ಆಸುಪಾಸಿಗೆ ಬರುತ್ತದೆ. ಹೇಳದ 200 ಜನರನ್ನೂ ಎಣಿಸುವುದರಿಂದ ನಮ್ಮ ಅಂದಾಜು ಎಷ್ಟು ತಪ್ಪಬಹುದು ಅಂತ ಹೇಳುವ ಸ್ಟ್ಯಾಂಡರ್ಡ್ ಎರರ್ ಕೂಡ ಇರಬೇಕಾದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಖಾಲಿ ಜಾಗಗಳು ಆಕಸ್ಮಿಕವಾಗಿ ಬಿದ್ದಿದ್ದರೂ ಇಷ್ಟೆಲ್ಲ ಆಗುತ್ತದೆ.

ಇಲ್ಲಿ ಹಾಗೆ ಬಿದ್ದಿಲ್ಲ. ಆದಾಯ ಖಾಲಿ ಇದ್ದರೆ 1, ಇಲ್ಲದಿದ್ದರೆ 0 ಅಂತ ಹೊಸ ಕಾಲಮ್ ಮಾಡಿ ವಯಸ್ಸಿನ ಗುಂಪುಗಳಲ್ಲಿ ಹೋಲಿಸಿದೆ. ವಯಸ್ಸಾದವರೇ ಜಾಸ್ತಿ ಖಾಲಿ ಬಿಟ್ಟಿದ್ದಾರೆ. ಉತ್ತರ ಕೊಟ್ಟವರಲ್ಲಿ ವಯಸ್ಸಾದವರದೇ ಆದಾಯ ಜಾಸ್ತಿ. ಅಂದರೆ ಎಲ್ಲರ ಸರಾಸರಿ ತುಂಬಿದರೆ ಫಲಿತಾಂಶ ಕೆಳಕ್ಕೆ ಜಾರುತ್ತದೆ, ಮೀಡಿಯನ್ ತುಂಬಿದರೆ ಇನ್ನೂ ಕೆಳಕ್ಕೆ.

ಹಾಗಾಗಿ ಮಾಡೆಲ್ ಕಡೆ ಹೋದೆ. ವಯಸ್ಸು, ಓದು, ಕೆಲಸ ನೋಡಿ ಆದಾಯ ಅಂದಾಜು ಮಾಡಿಸಬಹುದು. ಆದರೆ ಆ ಅಂದಾಜನ್ನೇ ನೇರವಾಗಿ ತುಂಬಿದರೆ ಎಲ್ಲರೂ ರಿಗ್ರೆಶನ್ ಗೆರೆಯ ಮೇಲೇ ನಿಲ್ಲುತ್ತಾರೆ, ಕೋರಿಲೇಶನ್ ಈ ಸಲ ಉಬ್ಬುತ್ತದೆ. ನಾನು ಆರಿಸಿದ್ದು ಪ್ರಿಡಿಕ್ಟಿವ್ ಮೀನ್ ಮ್ಯಾಚಿಂಗ್. ಅದು ಅಂದಾಜಿನಲ್ಲಿ ಹತ್ತಿರ ಇರುವ ಕೆಲವರನ್ನು ಹುಡುಕಿ, ಅವರಲ್ಲಿ ಒಬ್ಬರು ನಿಜವಾಗಿ ಬರೆದ ಆದಾಯವನ್ನು ಎರವಲು ತರುತ್ತದೆ. ಋಣ ಸಂಖ್ಯೆಯ ಆದಾಯ ಬರುವುದೇ ಇಲ್ಲ. ತುಂಬಿದ ಮೇಲೆ ಆದಾಯ, ವಯಸ್ಸಿನ ಜೊತೆ ಉಳಿತಾಯಕ್ಕಿರುವ ಸಂಬಂಧ ನೋಡಬೇಕು. R ಭಾಷೆಯ mice ಪ್ಯಾಕೇಜ್‌ನಲ್ಲಿ ಅದು ಹೀಗೆ:

```r
library(mice)
imp <- mice(d, m = 20, method = "pmm", seed = 11)
fit <- with(imp, lm(savings ~ income + age))
summary(pool(fit))
```

ಇಲ್ಲಿ 20 ಬೇರೆ ಬೇರೆ ತುಂಬಿದ ಪ್ರತಿಗಳಿವೆ. ಪ್ರತಿಯಿಂದ ಪ್ರತಿಗೆ ಉತ್ತರ ಎಷ್ಟು ಅಲ್ಲಾಡುತ್ತದೋ ಅದನ್ನು `pool` ಸ್ಟ್ಯಾಂಡರ್ಡ್ ಎರರ್‌ಗೆ ಸೇರಿಸುತ್ತದೆ. ಉಳಿತಾಯದ ಕಾಲಮ್ಮನ್ನೂ ತುಂಬುವ ಮಾಡೆಲ್‌ನಲ್ಲಿ ಇಟ್ಟುಕೊಂಡಿದ್ದೇನೆ. ಅದನ್ನು ಬಿಟ್ಟರೆ ಆದಾಯಕ್ಕೂ ಉಳಿತಾಯಕ್ಕೂ ಇರುವ ಸಂಬಂಧವೇ ಸಡಿಲವಾಗುತ್ತದೆ.

ಒಂದು ಅನುಮಾನ ಉಳಿದಿದೆ. ಒಂದೇ ವಯಸ್ಸು, ಒಂದೇ ಓದು ಇರುವವರಲ್ಲೂ ಜಾಸ್ತಿ ದುಡಿಯುವವರೇ ಆದಾಯ ಮುಚ್ಚಿಟ್ಟಿದ್ದರೆ ಈ ಡೇಟಾ ನೋಡಿ ಅದನ್ನು ಕಂಡುಹಿಡಿಯಲು ಆಗುವುದಿಲ್ಲ. ಅದಕ್ಕೆ ನಾಳೆ ತುಂಬಿದ ಆದಾಯಗಳನ್ನು ಮೊದಲು 10%, ಆಮೇಲೆ 20% ಏರಿಸಿ ಇದೇ ಲೆಕ್ಕ ಮತ್ತೆ ಮಾಡುತ್ತೇನೆ. ಉಳಿತಾಯದ ಬಗೆಗಿನ ತೀರ್ಮಾನ ಬದಲಾದರೆ, ಎಷ್ಟು ಏರಿಸಿದಾಗ ಬದಲಾಯಿತು ಅನ್ನುವುದನ್ನು ವರದಿಯಲ್ಲೇ ಬರೆಯಬೇಕು.