ಕಾಲೇಜು ಪತ್ರಿಕೆಗೆ ಉಳಿಯುವ ಹೆಸರು: ಕೆಲಸ ಎಲ್ಲಿಗೆ ಬಂತು

ಹೆಸರುಗಳ ಪಟ್ಟಿ ಸೋಸಿ ಮುಗಿಯಿತು. ಉಳಿದಿದ್ದು ‘ಹೊಳಹು’.

ಸೋಸುವ ಮೊದಲು ಗ್ರಂಥಾಲಯದಲ್ಲಿ ಹಳೆ ಸಂಚಿಕೆಗಳನ್ನೆಲ್ಲ ತೆಗೆಸಿ ನೋಡಿದೆವು. ಪತ್ರಿಕೆ ಒಂದೇ, ಆದರೆ ಹೊಸ ತಂಡ ಬಂದಾಗಲೆಲ್ಲ ಹೆಸರು ಬೇರೆ. ಹಾಗಾಗಿ ಕಪಾಟಿನಲ್ಲಿ ಅವು ಚದುರಿಹೋಗಿವೆ. ಸಂಪುಟದ ಸಂಖ್ಯೆಯೂ ಪ್ರತಿ ಸಲ 1ರಿಂದಲೇ ಶುರು. ತನ್ನ ಹಳೆ ಕವಿತೆ ಹುಡುಕಿಕೊಂಡು ಬರುವವರಿಗೆ ಯಾವ ಹೆಸರು ಕೇಳಬೇಕೆಂದೇ ಗೊತ್ತಾಗುವುದಿಲ್ಲ.

ಯಾವ ತಂಡಕ್ಕಾದರೂ ತನ್ನದೊಂದು ಗುರುತು ಬೇಕೇ ಬೇಕು. ಅದು ತಪ್ಪಲ್ಲ. ಅದಕ್ಕೆ ಜಾಗ ಕೊಡದೆ ‘ಹೆಸರು ಮುಟ್ಟಬೇಡಿ’ ಅಂದರೆ ಯಾರೂ ಕೇಳುವುದಿಲ್ಲ. ಅದಕ್ಕೇ ಮುಖಪುಟವನ್ನು ಎರಡು ಪಾಲು ಮಾಡಿದ್ದೇವೆ. ಮೇಲೆ ‘ಹೊಳಹು’, ಅದೇ ಕೈಬರಹದಲ್ಲಿ, ಅದೇ ಜಾಗದಲ್ಲಿ. ಕೆಳಗೆ ಆ ವರ್ಷದ ಸಂಚಿಕೆಯ ಹೆಸರು. ಚಿತ್ರ, ಬಣ್ಣ, ವಿಷಯ ಎಲ್ಲ ತಂಡದ ಇಷ್ಟ. ಬೆನ್ನಿನ ಮೇಲೆ ಮಾತ್ರ ಪತ್ರಿಕೆಯ ಹೆಸರು, ಸಂಪುಟ, ವರ್ಷ ಇಷ್ಟೇ.

ಪಟ್ಟಿಯಲ್ಲಿ ‘ವಿಜ್ಞಾನ ಚಿಲುಮೆ’ ಕೇಳಲು ಚೆನ್ನಾಗಿತ್ತು. ನಾಳೆ ವಾಣಿಜ್ಯ ವಿಭಾಗದವರು ಸಂಪಾದಕರಾದರೆ ಅದು ನಮ್ಮದಲ್ಲ ಅನ್ನುತ್ತಾರೆ, ಅಲ್ವಾ? ಬಿಟ್ಟೆವು. ‘ತಿಂಗಳ ಮಾತು’ ಕೂಡ ಹೋಯಿತು, ವರ್ಷಕ್ಕೊಂದೇ ಸಂಚಿಕೆ ತಂದರೆ ಹೆಸರೇ ಸುಳ್ಳಾಗುತ್ತದೆ. ‘ಋತುಸ್ಪಂದನ’ವನ್ನು ಫೋನಿನಲ್ಲಿ ಹೇಳಿ ಬರೆಸಿದೆವು. ಒಬ್ಬರು ‘ಋತು’ ಬರೆದರೆ ಇನ್ನೊಬ್ಬರು ‘ರುತು’. ‘ಹೊಳಹು’ ಎಲ್ಲರೂ ಒಂದೇ ಥರ ಬರೆದರು. ತೆಳ್ಳಗಿನ ಸಂಚಿಕೆಯ ಬೆನ್ನಿಗೂ ಹಿಡಿಸುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆಯಬೇಕು ಅನ್ನುವುದನ್ನೂ ಈಗಲೇ ಗಟ್ಟಿ ಮಾಡಿಕೊಂಡೆವು.

ಮುಂದೆ ಐಎಸ್‌ಎಸ್‌ಎನ್ ತೆಗೆದುಕೊಳ್ಳುವ ಯೋಚನೆಯಿದೆ. ನಿಯತಕಾಲಿಕೆಗಳಿಗೆ ಕೊಡುವ 8 ಅಂಕಿಗಳ ಈ ಗುರುತು ಪತ್ರಿಕೆಯ ಹೆಸರಿಗೇ ಅಂಟಿಕೊಂಡಿರುತ್ತದೆ. ಹೆಸರನ್ನು ದೊಡ್ಡದಾಗಿ ಬದಲಿಸಿದರೆ ಹೊಸ ಸಂಖ್ಯೆ ಬೇಕು. ಕಾಗುಣಿತದ ಸಣ್ಣ ವ್ಯತ್ಯಾಸಕ್ಕೆ ಬೇಡ. ಆಯಾ ಸಂಚಿಕೆಯ ವಿಷಯ ಬದಲಾದರೂ ತೊಂದರೆಯಿಲ್ಲ, ಹಾಗಾಗಿ ನಮ್ಮ ಎರಡು ಪಾಲಿನ ಮುಖಪುಟ ಇದಕ್ಕೂ ಸರಿಹೊಂದುತ್ತದೆ.

ಇನ್ನು ಹಸ್ತಾಂತರ. ಹೆಸರಿನ ಅಕ್ಷರಗಳ ಮೂಲ ಕಡತ ಯಾರದೋ ಲ್ಯಾಪ್‌ಟಾಪಿನಲ್ಲಿ ಉಳಿದರೆ ಮುಂದಿನವರು ಹೊಸದಾಗಿ ಬರೆಸುತ್ತಾರೆ. ಬರೆಸುವಾಗ ಹೆಸರನ್ನೂ ಬದಲಿಸೋಣ ಅನಿಸುವುದು ಸಹಜ. ಅದಕ್ಕೆ ಒಂದು ಪ್ರತಿ ಗ್ರಂಥಪಾಲಕರ ಬಳಿ, ಇನ್ನೊಂದು ಪತ್ರಿಕೆಯದೇ ಇಮೇಲ್ ಖಾತೆಯಲ್ಲಿ. ಜೊತೆಗೆ ಒಂದು ಪುಟದ ಟಿಪ್ಪಣಿ: ಹೆಸರು ಯಾಕೆ ಇದು, ಯಾವುದನ್ನು ಬಿಟ್ಟೆವು, ಯಾಕೆ ಬಿಟ್ಟೆವು. ಬದಲಿಸಲೇಬೇಕಾದರೆ ಬೆನ್ನುಬೆನ್ನಿಗೆ ಬರುವ ಎರಡು ತಂಡಗಳು ಒಪ್ಪಬೇಕು, ಸಂಪುಟದ ಸಂಖ್ಯೆ ಮಾತ್ರ ಮುಂದುವರಿಯಬೇಕು.

ಹಳೆ ಸಂಚಿಕೆಗಳನ್ನೂ ಎಣಿಕೆಗೆ ಸೇರಿಸಿ ಸಂಪುಟದ ಸಂಖ್ಯೆ ಹಾಕುವುದೋ, 1ರಿಂದ ಶುರು ಮಾಡುವುದೋ ಇನ್ನೂ ತೀರ್ಮಾನವಾಗಿಲ್ಲ. ನನ್ನ ಮತ ಹಳೆಯವನ್ನು ಸೇರಿಸುವುದಕ್ಕೆ. ಸೋಮವಾರ ಗ್ರಂಥಪಾಲಕರ ಜೊತೆ ಕೂತು ಲೆಕ್ಕ ಹಾಕುತ್ತೇವೆ.