ಹೊರಗೆ ಕರಕಲು, ಒಳಗೆ ಹಸಿ: ತಂದೂರ್ ಒಲೆಯ ಮುಂದೆ ಕಲಿತದ್ದು

ತಂದೂರಿ ಚಿಕನ್ ಗಿರಾಕಿಯ ಟೇಬಲ್‌ನಿಂದ ವಾಪಸ್ ಬಂತು ಅಂದರೆ ಹೆಚ್ಚಿನ ಸಲ ದೂರು ಒಂದೇ. ಮೇಲೆ ಕರಕಲಾಗಿದೆ, ಮೂಳೆಯ ಹತ್ತಿರ ಹಸಿಯಾಗಿದೆ. ಒಲೆಯ ಮುಂದೆ ನಿಂತವರು ಕೂಡಲೇ "ಉರಿ ಜಾಸ್ತಿ ಆಯ್ತು" ಅಂತಾರೆ. ಅದು ಅರ್ಧ ಉತ್ತರ ಮಾತ್ರ. ಬಿಸಿ ಎಲ್ಲಿಂದ ಬರುತ್ತಿದೆ ಅನ್ನೋದನ್ನು ನೋಡಬೇಕು.

ತಂದೂರ್‌ನಲ್ಲಿ ಎರಡು ಬಿಸಿ ಇರುತ್ತವೆ. ಒಂದು ತಳದ ಕೆಂಡದ್ದು, ಇನ್ನೊಂದು ಸುತ್ತಲಿನ ಮಣ್ಣಿನ ಗೋಡೆಯದ್ದು. ಇದ್ದಿಲು ಅರ್ಧ ಗಂಟೆಯಲ್ಲಿ ಕೆಂಡವಾಗಬಹುದು. ಆದರೆ ಹೋಟೆಲಿನ ದಪ್ಪ ಗೋಡೆಯ ತಂದೂರ್ ಸರಿಯಾಗಿ ಕಾಯಲು ಒಂದೂವರೆಯಿಂದ ಎರಡು ಗಂಟೆ ಬೇಕು. ಗೋಡೆ ಕಾಯುವ ಮೊದಲೇ ಮಾಂಸ ಪೋಣಿಸಿದ ಕಂಬಿ ಇಳಿಸಿದರೆ ಕೆಂಡದ ಹತ್ತಿರದ ತುಂಡು ಸುಡುತ್ತದೆ, ಮೇಲಿನ ತುಂಡು ಬೇಯುವುದೇ ಇಲ್ಲ. ಒಂದೇ ಕಂಬಿಯ ಕೆಳಗಿನ ತುಂಡಿಗೂ ಮೇಲಿನ ತುಂಡಿಗೂ ಇಷ್ಟು ವ್ಯತ್ಯಾಸ ಕಂಡರೆ ಗೋಡೆ ಇನ್ನೂ ಕಾದಿಲ್ಲ ಅಂತಲೇ ಲೆಕ್ಕ.

ಗೋಡೆಯನ್ನು ನೋಡಿದರೇ ಗೊತ್ತಾಗುತ್ತದೆ. ಬೆಂಕಿ ಹಚ್ಚಿದಾಗ ಒಳಗೋಡೆಗೆ ಮಸಿ ಹಿಡಿದು ಕಪ್ಪಾಗುತ್ತದೆ. ಕಾವು ಏರಿದ ಹಾಗೆ ಆ ಮಸಿ ತಾನೇ ಸುಟ್ಟುಹೋಗಿ ಮಣ್ಣಿನ ಬಣ್ಣ ಮತ್ತೆ ಕಾಣುತ್ತದೆ. ಅಷ್ಟು ಹೊತ್ತಿಗೆ ಜ್ವಾಲೆಯೂ ಇಳಿದಿರಬೇಕು, ಕೆಂಡದ ಮೇಲೆ ತೆಳುವಾಗಿ ಬಿಳಿ ಬೂದಿ ಕೂತಿರಬೇಕು. ಆಗ ಕೆಳಗಿನ ಗಾಳಿ ಕಿಂಡಿಯನ್ನು ಅರ್ಧ ಮುಚ್ಚಿ, ಬಾಯಿಗೆ ಮುಚ್ಚಳ ಇಟ್ಟು ಹತ್ತು ನಿಮಿಷ ಬಿಟ್ಟರೆ ಕಾವು ಎಲ್ಲ ಕಡೆ ಸಮವಾಗುತ್ತದೆ. ಅನುಮಾನ ಇದ್ದರೆ ಒಂದು ಸಣ್ಣ ನಾನ್ ಬಡಿದು ನೋಡಿ. ಜಾರಿ ಬಿದ್ದರೆ ಗೋಡೆ ತಣ್ಣಗಿದೆ. ಗುಳ್ಳೆಗಳು ಕಪ್ಪಾದರೂ ನಡುವೆ ಹಿಟ್ಟು ಹಸಿಯಾಗಿದ್ದರೆ ಕಾವು ಮೀರಿದೆ. ಆಗ ಗೋಡೆಗೆ ಸ್ವಲ್ಪ ಉಪ್ಪುನೀರು ಚಿಮುಕಿಸಿದರೆ ಸಾಕು. ಚಿಮುಕಿಸಬೇಕು ಅಷ್ಟೇ, ಸುರಿಯಬಾರದು.

ನಮ್ಮ ಅಡುಗೆಮನೆಯ ಒಂದು ಸಂಜೆಯ ಕಥೆ ಹೇಳ್ತೀನಿ. ಹೊಸದಾಗಿ ಸೇರಿದ ಹುಡುಗನೊಬ್ಬ ಕಂಬಿ ಹಾಕುತ್ತಿದ್ದ. ಆರ್ಡರ್ ಒಟ್ಟಿಗೆ ಬಂದವು. ಕೆಂಡ ಇಳಿದಿದೆ ಅಂತ ಅವನು ಹೊಸ ಇದ್ದಿಲು ತುಂಬಿದ, ಅದರ ಜ್ವಾಲೆ ಇಳಿಯುವ ಮೊದಲೇ ಲೆಗ್ ಪೀಸ್ ಇಳಿಸಿದ. ಎರಡು ಪ್ಲೇಟ್ ವಾಪಸ್ ಬಂದವು. "ಅಣ್ಣ, ಹನ್ನೆರಡು ನಿಮಿಷ ಇಟ್ಟಿದ್ದೆ, ಆದ್ರೂ ಹಸಿ ಇದೆ" ಅಂದ. ಅವನು ಹೇಳಿದ ಸಮಯ ಸುಳ್ಳಲ್ಲ. ಮಾಂಸ ನೇರವಾಗಿ ಫ್ರಿಜ್‌ನಿಂದ ಬಂದಿತ್ತು, ಗೀರು ಮೂಳೆಯವರೆಗೆ ಹೋಗಿರಲಿಲ್ಲ, ಮಸಾಲೆ ನೀರಾಗಿ ತೊಟ್ಟಿಕ್ಕುತ್ತಿತ್ತು. ಮೇಲಿನ ಮಸಾಲೆ ಜ್ವಾಲೆಗೆ ಸುಟ್ಟಿತ್ತು, ಒಳಗಿನ ಮಾಂಸಕ್ಕೆ ಕಾವು ಮುಟ್ಟಿರಲೇ ಇಲ್ಲ.

ಮ್ಯಾರಿನೇಷನ್ ವಿಷಯ ಇಲ್ಲಿಂದ ಶುರುವಾಗುತ್ತದೆ. ಒಂದು ಕಿಲೋ ಲೆಗ್ ಪೀಸ್‌ಗೆ ಮೊದಲು ಒಂದೂವರೆ ಟೀ ಚಮಚ ಉಪ್ಪು, ಒಂದು ದೊಡ್ಡ ಚಮಚ ನಿಂಬೆರಸ, ಶುಂಠಿ ಬೆಳ್ಳುಳ್ಳಿ ಪೇಸ್ಟ್, ಖಾರದಪುಡಿ ಹಚ್ಚಿ ಅರ್ಧ ಗಂಟೆ ಬಿಡುತ್ತೇವೆ. ಬಿಟ್ಟ ನೀರನ್ನು ಬಸಿದ ಮೇಲೇ ಮೊಸರಿನ ಮಸಾಲೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿರಬೇಕು. ಇಲ್ಲದಿದ್ದರೆ ಮಸಾಲೆ ಮಾಂಸಕ್ಕೆ ಅಂಟದೆ ಕೆಂಡದ ಮೇಲೆ ಸುರಿಯುತ್ತದೆ, ಆವಿ ಎದ್ದು ಬೂದಿ ಹಾರಿ ಮಾಂಸಕ್ಕೆ ಹಿಡಿಯುತ್ತದೆ. ಇದು ಫ್ರಿಜ್‌ನಲ್ಲೇ, 5 ಡಿಗ್ರಿಯೊಳಗೆ, ಆರರಿಂದ ಎಂಟು ಗಂಟೆ ಇರಲಿ. ಮೂಳೆಯಿಲ್ಲದ ಟಿಕ್ಕಾಗೆ ನಾಲ್ಕು ಗಂಟೆ ಸಾಕು.

ಹೆಚ್ಚು ಹೊತ್ತು ಇಟ್ಟಷ್ಟೂ ರುಚಿ ಒಳಗಿಳಿಯುತ್ತದೆ ಅನ್ನೋ ನಂಬಿಕೆ ಬಹಳ ಜನಕ್ಕಿದೆ. ನನಗೆ ಇದು ಒಪ್ಪಿಗೆಯಿಲ್ಲ. ಒಳಗಿಳಿಯುವುದು ಮುಖ್ಯವಾಗಿ ಉಪ್ಪು. ಮಸಾಲೆ ಹೆಚ್ಚುಕಡಿಮೆ ಮೇಲೇ ನಿಲ್ಲುತ್ತದೆ. ಹುಳಿ ಮೇಲ್ಪದರವನ್ನು ಮೆದು ಮಾಡಿ, ಆಮೇಲೆ ಹಿಟ್ಟುಹಿಟ್ಟಾಗಿಸುತ್ತದೆ. ಮೀನಿಗೆ ಇಪ್ಪತ್ತರಿಂದ ಮೂವತ್ತು ನಿಮಿಷ ದಾಟಿದರೆ ಅಂಚು ಬೆಳ್ಳಗಾಗಿ ಕಂಬಿಯಲ್ಲೇ ಒಡೆಯುತ್ತದೆ. ಹಸಿ ಪಪ್ಪಾಯ ಇನ್ನೂ ಚುರುಕು. ಮಟನ್‌ಗೆ ಸ್ವಲ್ಪ ಹಾಕಬಹುದು, ಚಿಕನ್‌ಗೆ ಬೇಡವೇ ಬೇಡ. ಬೇಯುತ್ತಾ ಬಿಸಿ ಏರುವಾಗಲೂ ಅದು ಕೆಲಸ ಮಾಡುತ್ತಲೇ ಇರುತ್ತದೆ.

ಮುಂದಿನ ಸರದಿಯನ್ನು ಆ ಹುಡುಗನ ಕೈಯಲ್ಲೇ ಮಾಡಿಸಿದೆ. ಮೂಳೆ ಮುಟ್ಟುವ ಹಾಗೆ ಗೀರು ಹಾಕಿದ. ಮಾಂಸವನ್ನು ಹೊರಗೆ ತೆಗೆದು ಹದಿನೈದು ನಿಮಿಷ ಮಾತ್ರ ಇಟ್ಟು, ಹೆಚ್ಚಿನ ಮಸಾಲೆ ಒರೆಸಿ, ತುಂಡುಗಳ ನಡುವೆ ಜಾಗ ಬಿಟ್ಟು ಪೋಣಿಸಿದ. ಜಾರದಿರಲಿ ಅಂತ ತುದಿಗೆ ಅರ್ಧ ಈರುಳ್ಳಿ. ಕೆಂಡ ಬೂದಿ ಕಟ್ಟಿದ ಮೇಲೆ ಇಳಿಸಿದ. ಎಂಟು ನಿಮಿಷಕ್ಕೆ ಹೊರಗೆ ತೆಗೆದು ಮೂರು ನಿಮಿಷ ತೂಗುಹಾಕಿದ. ನೀರು ಇಳಿಯಿತು, ಹೊರಗಿನ ಕಾವು ನಿಧಾನವಾಗಿ ಒಳಗೆ ಸಾಗಿತು. ಬೆಣ್ಣೆ ಸವರಿ ಮತ್ತೆ ನಾಲ್ಕೈದು ನಿಮಿಷ ಇಟ್ಟ. ಮೂಳೆಗೆ ತಾಗದ ಹಾಗೆ ದಪ್ಪ ಭಾಗಕ್ಕೆ ಥರ್ಮಾಮೀಟರ್ ಚುಚ್ಚಿದೆವು. 74 ಡಿಗ್ರಿ ದಾಟಿತ್ತು. ಬಣ್ಣ ನೋಡಿ ಬೆಂದಿದೆ ಅನ್ನೋದು ತಂದೂರಿ ಚಿಕನ್‌ನಲ್ಲಿ ನಡೆಯಲ್ಲ, ಮಸಾಲೆಯೇ ಕೆಂಪು ಅಲ್ವಾ. ಇನ್ನೊಂದು ಮಾತು: ಆ ಮೂರು ನಿಮಿಷದ ವಿರಾಮವನ್ನು ಗಂಟೆಗಟ್ಟಲೆ ಎಳೆಯಬೇಡಿ. ಅರೆಬೆಂದ ಕೋಳಿಯನ್ನು ಒಲೆಯ ಪಕ್ಕ ಇಟ್ಟುಕೊಂಡು ಆರ್ಡರ್ ಕಾಯುವುದು ಅಪಾಯ.

ತೆರೆದ ಗ್ರಿಲ್‌ನಲ್ಲಿ ಕಾದ ಗೋಡೆ ಇಲ್ಲ. ಹಾಗಾಗಿ ಕೆಂಡವನ್ನು ಒಂದು ಬದಿಗೆ ಸರಿಸಿ ಇನ್ನೊಂದು ಬದಿ ಖಾಲಿ ಬಿಡಿ. ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದರೆ ತುಂಡನ್ನು ಆ ಬದಿಗೆ ಎಳೆಯಿರಿ. ನೀರು ಎರಚಬೇಡಿ.

ಇಷ್ಟು ಹೊತ್ತು ಹೇಳಿದ ಕಿಂಡಿ, ಮುಚ್ಚಳದ ಆಟಕ್ಕೆ ಒಂದು ಬೆಲೆ ಇದೆ. ಗಾಳಿ ಕಡಿಮೆ ಮಾಡಿದಾಗ ಕೆಂಡ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಬಿಡುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹೊಗೆ ಕಾಣದಿದ್ದರೂ ಎಕ್ಸಾಸ್ಟ್ ಓಡುತ್ತಲೇ ಇರಬೇಕು, ಕೆಂಡ ಪೂರ್ತಿ ಆರುವವರೆಗೂ. ಕೆಲಸದ ನಡುವೆ ಇಬ್ಬರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಸೆಖೆ ಅಂತ ಸುಮ್ನೆ ಇರಬೇಡಿ. ಎಲ್ಲರನ್ನೂ ಹೊರಗಿನ ಗಾಳಿಗೆ ಕರೆತನ್ನಿ, ಆಸ್ಪತ್ರೆಗೆ ಕಳಿಸಿ. ಚಳಿಗೆ ಅಂತ ಕೆಂಡವನ್ನು ಮಲಗುವ ಕೋಣೆಗೆ ಒಯ್ಯುವುದನ್ನು ನಾನು ಯಾರಿಗೂ ಬಿಡುವುದಿಲ್ಲ.

ಮುಚ್ಚಳ ತೆಗೆಯುವಾಗ ಮುಖವನ್ನು ತಂದೂರ್ ಬಾಯಿಯ ಮೇಲೆ ತರಬೇಡಿ. ಗಾಳಿ ಒಮ್ಮೆಲೇ ಸಿಕ್ಕಿ ಜ್ವಾಲೆ ಏಳಬಹುದು. ಬಿಸಿ ಕಂಬಿಯನ್ನು ಒದ್ದೆ ಬಟ್ಟೆಯಲ್ಲಿ ಹಿಡಿದರೆ ಬಟ್ಟೆಯ ನೀರೇ ಆವಿಯಾಗಿ ಕೈ ಸುಡುತ್ತದೆ, ಒಣ ದಪ್ಪ ಬಟ್ಟೆ ಬೇಕು. ಸೀಮೆಎಣ್ಣೆ, ಪೆಟ್ರೋಲ್ ಒಲೆಯ ಹತ್ತಿರವೂ ಬರಬಾರದು. ರಾತ್ರಿ ಬೇಗ ಆರಲಿ ಅಂತ ತಂದೂರ್‌ಗೆ ನೀರು ಸುರಿದರೆ ಆವಿ ಮೇಲಕ್ಕೆ ಹೊಡೆಯುತ್ತದೆ, ಮಣ್ಣೂ ಬಿರುಕು ಬಿಡುತ್ತದೆ. ಕಿಂಡಿ, ಬಾಯಿ ಎರಡನ್ನೂ ಮುಚ್ಚಿ ತಾನಾಗಿ ಆರಲು ಬಿಡಿ. ಬೂದಿಯೊಳಗೆ ಕೆಂಡ ಮರುದಿನವೂ ಜೀವಂತ ಇರುತ್ತದೆ. ಅದಕ್ಕೇ ನಮ್ಮಲ್ಲಿ ಬೂದಿಗೆ ಮುಚ್ಚಳವಿರುವ ಕಬ್ಬಿಣದ ಡ್ರಮ್ ಬೇರೆ ಇದೆ. ಅದು ಗೋಡೆ, ಗ್ಯಾಸ್ ಸಿಲಿಂಡರ್, ರಟ್ಟಿನ ಡಬ್ಬಗಳಿಂದ ದೂರ ಬಯಲಲ್ಲಿ ನಿಲ್ಲುತ್ತದೆ. ಎರಡು ದಿನ ಕಳೆದು, ಕಲಕಿ ನೋಡಿದಾಗ ಎಲ್ಲೂ ಬಿಸಿ ಇಲ್ಲ ಅಂತ ಖಾತ್ರಿಯಾದ ಮೇಲಷ್ಟೇ ಆ ಬೂದಿ ಕಸದ ಗಾಡಿಗೆ ಹೋಗುತ್ತದೆ.